ಲಾಭ ಇಳಿದರೂ ಆರ್‌ಒಇ ಏರಿದ್ದು ಹೇಗೆ?

“ಕಂಪನಿಯ ಮಾರಾಟ 1,000 ಕೋಟಿ, ಆಸ್ತಿ 800 ಕೋಟಿ, ಎರಡೂ ಬದಲಾಗಿಲ್ಲ. ಲಾಭ 80ರಿಂದ 72 ಕೋಟಿಗೆ ಇಳಿದಿದೆ. ಆದರೂ ಆರ್‌ಒಇ, ಅಂದರೆ ಷೇರುದಾರರ ಬಂಡವಾಳದ ಮೇಲಿನ ಲಾಭ, ಶೇ 16ರಿಂದ 20ಕ್ಕೆ ಏರಿದೆ. ಇದು ಒಳ್ಳೆಯ ಲಕ್ಷಣವೇ?”

ಅಲ್ಲ ಸರ್, ಸ್ವಲ್ಪ ತಡೆಯಿರಿ. ಡುಪಾಂಟ್ ಸೂತ್ರದಲ್ಲಿ ಬಿಡಿಸಿ ನೋಡಿ. ಲಾಭದ ಪ್ರಮಾಣವನ್ನು ಆಸ್ತಿಯ ವಹಿವಾಟಿನಿಂದಲೂ ಹಣಕಾಸು ಲಿವರೇಜ್‌ನಿಂದಲೂ ಗುಣಿಸಿದರೆ ಆರ್‌ಒಇ ಬರುತ್ತದೆ. ಲಾಭದ ಪ್ರಮಾಣ ಎಂದರೆ ಲಾಭ ÷ ಮಾರಾಟ, ವಹಿವಾಟು ಎಂದರೆ ಮಾರಾಟ ÷ ಆಸ್ತಿ, ಲಿವರೇಜ್ ಎಂದರೆ ಆಸ್ತಿ ÷ ಷೇರುದಾರರ ಬಂಡವಾಳ.

ಮೊದಲ ವರ್ಷ: 8% × 1.25 × 1.6 = 16%
ಎರಡನೆಯ ವರ್ಷ: 7.2% × 1.25 × 2.22 = 20%

ವಹಿವಾಟು ನಿಂತಲ್ಲೇ ನಿಂತಿದೆ, ಲಾಭದ ಪ್ರಮಾಣ ಕುಸಿದಿದೆ. ಏರಿದ್ದು ಲಿವರೇಜ್ ಒಂದೇ. ಅಂದರೆ ಷೇರುದಾರರ ಬಂಡವಾಳ 500ರಿಂದ 360 ಕೋಟಿಗೆ ಇಳಿದಿದೆ, ಆ 140 ಕೋಟಿಯ ಜಾಗಕ್ಕೆ ಸಾಲ ಅಥವಾ ಇತರ ಬಾಕಿ ಬಂದಿದೆ. ಸಾಲ ಮಾಡಿ ಷೇರು ಮರುಖರೀದಿ ಮಾಡಿದಾಗ ಲೆಕ್ಕ ಹೀಗೆಯೇ ಕಾಣುತ್ತದೆ. ನಗದು ಹರಿವಿನ ಪಟ್ಟಿಯಲ್ಲಿ ಅದನ್ನು ಮೊದಲು ಹುಡುಕಿ.

ನಂತರ ಬಡ್ಡಿ, ತೆರಿಗೆ ಕಳೆಯುವ ಮುಂಚಿನ ಲಾಭವನ್ನು ನೋಡಿ. ಅದು ಹಾಗೆಯೇ ಇದ್ದರೆ 8 ಕೋಟಿಯನ್ನು ತಿಂದದ್ದು ಬಹುಶಃ ಹೊಸ ಬಡ್ಡಿ. ಅದೂ ಇಳಿದಿದ್ದರೆ ವ್ಯಾಪಾರವೇ ಸೊರಗುತ್ತಿದೆ. ನಾನಾದರೆ ಆ ಶೇ 20ನ್ನು ನಂಬಿ ಒಂದು ಷೇರನ್ನೂ ಕೊಳ್ಳುವುದಿಲ್ಲ.