ಒಂದೇ ಕುಸಿತ, ಮೂರು ಅಂಕಿ

ಪ್ರಶ್ನೆ: 2008ರಲ್ಲಿ ಅಮೆರಿಕದ ಷೇರುಪೇಟೆಯ ಎಸ್ ಆಂಡ್ ಪಿ 500 ಸೂಚ್ಯಂಕ ಶೇ 38ರಷ್ಟು ಬಿತ್ತು ಅಂತ ಓದಿದ್ದೆ. ಈಗ ನೋಡಿದರೆ ಅದೇ ಬಿಕ್ಕಟ್ಟಿನ ಮ್ಯಾಕ್ಸಿಮಮ್ ಡ್ರಾಡೌನ್ ಶೇ 57 ಅಂತಿದೆ. ಯಾವುದು ಸರಿ?

ಎರಡೂ ಸರಿ. ಆದರೆ ಹೂಡಿಕೆದಾರ ನಿಜವಾಗಿ ಅನುಭವಿಸಿದ್ದು ಎರಡನೆಯದು, ಅಂದರೆ ತುದಿಯಿಂದ ತಳದವರೆಗಿನ ಕುಸಿತ. ಮೊದಲನೆಯದನ್ನು ಮಾತ್ರ ತೋರಿಸಿ ಜನರಿಗೆ ಧೈರ್ಯ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಶೇ 38.5 ಅನ್ನುವುದು ಡಿಸೆಂಬರ್‌ನಿಂದ ಡಿಸೆಂಬರ್‌ಗೆ ಹಾಕಿದ ಲೆಕ್ಕ. ಪೇಟೆ ಕ್ಯಾಲೆಂಡರ್ ನೋಡಿಕೊಂಡು ಬೀಳುವುದಿಲ್ಲ. ಸೂಚ್ಯಂಕ ತುದಿ ಮುಟ್ಟಿದ್ದು 2007ರ ಅಕ್ಟೋಬರ್ 9ರಂದು, 1,565.15ರಲ್ಲಿ. ತಳ ಕಂಡಿದ್ದು 2009ರ ಮಾರ್ಚ್ 9ರಂದು, 676.53ರಲ್ಲಿ. ಅಂದರೆ ಕುಸಿತದ ಆರಂಭವೂ ಕೊನೆಯೂ 2008ರ ಹೊರಗೇ ಇವೆ!

ಡ್ರಾಡೌನ್ ಲೆಕ್ಕದಲ್ಲಿ ಪ್ರತಿ ದಿನದ ಮುಕ್ತಾಯವನ್ನು ಅಲ್ಲಿಯವರೆಗಿನ ಅತಿ ಎತ್ತರದ ಮುಕ್ತಾಯದ ಜೊತೆ ಹೋಲಿಸುತ್ತೇವೆ. ಹೊಸ ಎತ್ತರ ಬಂದರೆ ಅಲ್ಲಿಂದ ಮತ್ತೆ ಸೊನ್ನೆ. ಹೀಗೆ ಬರುವ ಕುಸಿತಗಳಲ್ಲಿ ಅತಿ ಆಳದ್ದೇ ಮ್ಯಾಕ್ಸಿಮಮ್ ಡ್ರಾಡೌನ್. ಇಲ್ಲಿ 676.53ನ್ನು 1,565.15ರಿಂದ ಭಾಗಿಸಿದರೆ 0.432. ಉಳಿದಿದ್ದು ಶೇ 43.2, ಹೋಗಿದ್ದು ಶೇ 56.8.

ಇನ್ನೂ ಒಂದು ಅಂಕಿ ಇದೆ. ಬರೀ ತಿಂಗಳ ಕೊನೆಯ ಮಟ್ಟಗಳನ್ನು ಹಿಡಿದರೆ 1,549.38ರಿಂದ 735.09ಕ್ಕೆ ಬಂದಂತೆ ಕಾಣುತ್ತದೆ. ಆಗ ಕುಸಿತ ಶೇ 52.6. ತಿಂಗಳ ನಡುವಿನ ತುದಿಯೂ ತಳವೂ ಲೆಕ್ಕದಿಂದ ಜಾರಿಹೋದವು, ಅಷ್ಟೇ. ಹಾಗಾಗಿ ಯಾರಾದರೂ ಡ್ರಾಡೌನ್ ತೋರಿಸಿದರೆ ಮೊದಲು ಕೇಳಿ: ದಿನದ ಲೆಕ್ಕವೋ, ತಿಂಗಳದ್ದೋ? ಒಂದನ್ನು ದಿನದ ಲೆಕ್ಕದಲ್ಲಿ, ಇನ್ನೊಂದನ್ನು ತಿಂಗಳ ಲೆಕ್ಕದಲ್ಲಿ ಅಳೆದು ಹೋಲಿಸಿದರೆ ಎರಡನೆಯದು ಸುಮ್ನೆ ಸಾಧುವಾಗಿ ಕಾಣುತ್ತದೆ.

ಡ್ರಾಡೌನ್ ಅಂಕಿಗೂ ಒಂದು ಮಿತಿ ಇದೆ. ಆಳ ಹೇಳುತ್ತದೆ, ಕಾಯಬೇಕಾದ ಕಾಲ ಹೇಳುವುದಿಲ್ಲ. 2007ರ ಆ ತುದಿಯನ್ನು ಸೂಚ್ಯಂಕ ಮತ್ತೆ ದಾಟಿದ್ದು 2013ರ ಮಾರ್ಚ್ ಕೊನೆಯಲ್ಲಿ (ಡಿವಿಡೆಂಡ್ ಸೇರಿಸಿದರೆ ಸುಮಾರು ಒಂದು ವರ್ಷ ಮೊದಲೇ). ಜಪಾನಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರ್‌ನ ತುದಿ ದಾಟಲು 2024ರ ಫೆಬ್ರವರಿ ಬರಬೇಕಾಯಿತು. ನನ್ನ ಬಳಿ ಬರುವವರಿಗೆ ಡ್ರಾಡೌನ್ ಪಕ್ಕದಲ್ಲಿ ತುದಿಯ ತಾರೀಕನ್ನೂ ಅದನ್ನು ಮತ್ತೆ ದಾಟಿದ ತಾರೀಕನ್ನೂ ಬರೆದುಕೊಳ್ಳಿ ಅಂತಲೇ ಹೇಳುತ್ತೇನೆ.

ಪ್ರಶ್ನೆ: ಶೇ 57 ಬಿದ್ದದ್ದು ಶೇ 57 ಏರಿದರೆ ಸರಿಹೋಗುತ್ತೆ ಅಲ್ವಾ?

ಇಲ್ಲ, 676.53ರಿಂದ ಮತ್ತೆ 1,565.15ಕ್ಕೆ ಬರಲು ಶೇ 131 ಏರಬೇಕು.

ಪ್ರಶ್ನೆ: ಈ ಫಂಡ್‌ಗೆ ಮೂರು ವರ್ಷ, ಡ್ರಾಡೌನ್ ಬರೀ ಶೇ 8. ಇದಕ್ಕಿಂತ ಜಾಸ್ತಿ ಬೀಳಲ್ಲ ಅಂತ ಸಲಹೆಗಾರರು ಹೇಳಿದ್ದಾರೆ. ನಂಬಬಹುದಾ?

ನಂಬಬೇಡಿ. ಅದು ಆಗಿಹೋದ ಮೂರು ವರ್ಷದ ಲೆಕ್ಕ. ಹಾಗೆ ಭರವಸೆ ಕೊಡುವವರ ಕೈಗೆ ದುಡ್ಡನ್ನೂ ಕೊಡಬೇಡಿ.