ವಿಷಯ ಬದಲಿಸಿದ್ದು ಪತ್ರದಲ್ಲಿ ಎಷ್ಟು ಜಾಗ ಹಿಡಿಯಬೇಕು

"ಬಿಎಸ್ಸಿಗೆ ಸೇರಿ ಒಂದು ವರ್ಷದ ನಂತರ ಬಿಟ್ಟು ಬಿಕಾಂ ಮುಗಿಸಿದೆ. ದಾವಣಗೆರೆಯ ಲೆಕ್ಕಪರಿಶೋಧಕರ ಕಚೇರಿಗೆ ಆಡಿಟ್ ಇಂಟರ್ನ್‌ಶಿಪ್ ಕೇಳಿ ಪತ್ರ ಬರೆಯುತ್ತಿದ್ದೇನೆ. ಆ ವರ್ಷದ ವಿಷಯ ಹೇಳಲೇ, ಬಿಡಲೇ?"

ಹೇಳಿ. ದಿನವಿಡೀ ಬಿಲ್ಲಿನ ದಿನಾಂಕ ತಾಳೆ ನೋಡುವವರಿಗೆ ಅಂಕಪಟ್ಟಿಗಳ ನಡುವಿನ ಒಂದು ವರ್ಷ ಕಾಣದೆ ಇರುವುದಿಲ್ಲ. ಆದರೆ ಪತ್ರವನ್ನು ಅದರಿಂದ ಆರಂಭಿಸಬೇಡಿ. ಯಾವ ಕೆಲಸ, ಯಾವಾಗಿನಿಂದ, ಎಷ್ಟು ತಿಂಗಳು ಎಂಬುದು ಮೊದಲು ಬರಲಿ.

ನಾನು ಹಿಂದೆ ಇಂಥದ್ದೇ ಪತ್ರದಲ್ಲಿ ಅರ್ಧ ಪುಟ ಕ್ಷಮೆ ಕೇಳಿದ್ದೆ. ಓದಿದ ಹಿರಿಯರು ಕೇಳಿದ್ದು ಒಂದೇ: "ಬ್ಯಾಂಕ್ ತಾಳೆಪಟ್ಟಿ ಮಾಡಲು ಬರುತ್ತದೆಯೇ?"

ಆದ್ದರಿಂದ ಎರಡನೆಯ ಪ್ಯಾರಾದಲ್ಲಿ ಬದಲಾವಣೆಯನ್ನು ನೀವು ಮಾಡಿದ ಕೆಲಸಕ್ಕೆ ಕಟ್ಟಿ. ಪೂರೈಕೆದಾರರು ಜಿಎಸ್‌ಟಿ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿಯಾದ GSTR-2B ನೋಡಿದ ಅನುಭವವಿದ್ದರೆ, ಉದಾಹರಣೆಗೆ:

"ಬಿಎಸ್ಸಿಯ ಮೊದಲ ವರ್ಷದ ರಜೆಯಲ್ಲಿ ಮಾವನ ಹಾರ್ಡ್‌ವೇರ್ ಅಂಗಡಿಯ ಖರೀದಿ ಪುಸ್ತಕವನ್ನು GSTR-2B ಜೊತೆ ಹೋಲಿಸಿದೆ. ಒಬ್ಬ ಪೂರೈಕೆದಾರರ ಮೂರು ಬಿಲ್ಲುಗಳು ಅಲ್ಲಿರಲಿಲ್ಲ. ಅವರು ರಿಟರ್ನ್ ತಡವಾಗಿ ಸಲ್ಲಿಸಿದ್ದರು. ಈ ಕೆಲಸ ಹಿಡಿಸಿದ್ದರಿಂದ ಬಿಕಾಂಗೆ ಬದಲಾಯಿಸಿಕೊಂಡೆ."

ಇಷ್ಟು ಸಾಕು. ಭೌತಶಾಸ್ತ್ರ ಕಷ್ಟವಾಯಿತು, ಮನೆಯವರು ಒತ್ತಾಯಿಸಿದ್ದರು ಎಂಬುದೆಲ್ಲ ಬೇಡ. ಆದರೆ ಘಟನೆ ನಿಮ್ಮದೇ ಆಗಿರಲಿ. ಎರವಲು ತಂದರೆ "ಆ ಬಿಲ್ಲುಗಳಲ್ಲಿ ಕಟ್ಟಿದ ಹೂಡುವಳಿ ತೆರಿಗೆಯ ಜಮೆಯನ್ನು ಯಾವ ತಿಂಗಳು ಪಡೆದಿರಿ?" ಎಂಬ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಉತ್ತರ ಸುಲಭ: ಬಿಲ್ಲು 2Bಯಲ್ಲಿ ಕಾಣಿಸಿಕೊಂಡ ತಿಂಗಳು.

ಇನ್ನೊಂದು ಮಾತು. ಸಿಎ ಕೋರ್ಸಿಗೆ ನೋಂದಾಯಿಸಿಲ್ಲವಾದರೆ ಪತ್ರದಲ್ಲಿ "ಆರ್ಟಿಕಲ್‌ಶಿಪ್" ಎಂಬ ಪದ ಬಳಸಬೇಡಿ. ಅದು ಬೇರೆಯೇ ತರಬೇತಿ.