ಒಂದೇ ಶೀಟು, ಮೂರು ಅಟ್ರಿಶನ್ ರೇಟು, ಮೈನಸ್ 98 ವರ್ಷ ಸರ್ವಿಸು

ಪ್ರಶ್ನೆ: ಸರ್, ನಾನು ಎಚ್‌ಆರ್ ಕೆಲಸಕ್ಕೆ ಹೊಸಬಳು. 2024ರ ಅಟ್ರಿಶನ್ ರೇಟ್, ಅಂದ್ರೆ ನೂರಕ್ಕೆ ಎಷ್ಟು ಜನ ಕೆಲಸ ಬಿಟ್ರು ಅನ್ನೋದು ಎಷ್ಟು, ಆವರೇಜ್ ಸರ್ವಿಸ್ ಎಷ್ಟು ಅಂತ ಕೇಳಿದಾರೆ. ನನ್ನ ಹತ್ರ ಇರೋದು ಒಂದೇ ಎಕ್ಸೆಲ್ ಶೀಟು, 62 ಜನದ್ದು, ಜಾಯಿನಿಂಗ್ ಡೇಟ್ ಮತ್ತೆ ಎಕ್ಸಿಟ್ ಡೇಟ್ ಅಷ್ಟೇ. 12 ಜನ ಬಿಟ್ಟಿದಾರೆ. ನಾನು 12ನ್ನ 62ರಿಂದ ಭಾಗಿಸಿ 19.4% ಅಂದೆ, ಮ್ಯಾನೇಜರ್ 24% ಅಂತಾರೆ, ಫೈನಾನ್ಸ್‌ನೋರು 26% ಅಂತಾರೆ. ಆವರೇಜ್ ಸರ್ವಿಸ್ ಅಂತೂ ಮೈನಸ್ 98 ವರ್ಷ ಬಂತು! ಎಲ್ಲಿ ತಪ್ಪಿದೀನಿ? ಶೀಟ್ ಜೊತೆಗೆ ಕಳಿಸಿದೀನಿ.

ಉತ್ತರ: ಶೀಟ್ ನೋಡ್ದೆ, ಹೆಸರುಗಳನ್ನ ಅಳಿಸಿ ಕಳಿಸಿದ್ದು ಒಳ್ಳೇದಾಯ್ತು. ಮೈನಸ್ 98ನ್ನ ಮೊದಲು ಮುಗಿಸ್ಬಿಡೋಣ, ಅದು ಎರಡು ನಿಮಿಷದ ಕೆಲಸ.

ನೀವು ಎಕ್ಸಿಟ್ ಡೇಟಿಂದ ಜಾಯಿನಿಂಗ್ ಡೇಟ್ ಕಳೆದಿದೀರಿ. ಬಿಟ್ಟು ಹೋದೋರಿಗೆ ಅದು ಸರಿ, ಆದ್ರೆ ಇನ್ನೂ ಕೆಲಸದಲ್ಲಿರೋರಿಗೆ ಎಕ್ಸಿಟ್ ಕಾಲಮ್ ಖಾಲಿ ಇದ್ಯಲ್ಲ. ಎಕ್ಸೆಲ್‌ಗೆ ಡೇಟ್ ಅಂದ್ರೆ ಬರೀ ಒಂದು ನಂಬರು, 1900ರಿಂದ ಎಷ್ಟನೇ ದಿನ ಅನ್ನೋ ಎಣಿಕೆ. ನಿಮ್ಮ ಶೀಟಲ್ಲಿ 15-1-2021ಕ್ಕೆ ಸೇರಿದೋರು ಒಬ್ಬರಿದಾರೆ, ಆ ಡೇಟ್ ಒಳಗಡೆ 44211 ಅಂತ ಇರತ್ತೆ. ಖಾಲಿ ಸೆಲ್ಲನ್ನ ಕಳೆಯೋವಾಗ ಎಕ್ಸೆಲ್ ಸೊನ್ನೆ ಅಂದ್ಕೊಳತ್ತೆ, ಸೊನ್ನೆಯಿಂದ 44211 ಕಳೆದ್ರೆ ಮೈನಸ್ 44211 ದಿನ, ಅಂದ್ರೆ ಮೈನಸ್ 121 ವರ್ಷ. ಹೀಗೆ ಇರೋರಲ್ಲಿ 49 ಜನದ್ದು ಮೈನಸ್ ನೂರಿಪ್ಪತ್ತರ ಆಸುಪಾಸು, ಒಂದು ಸಾಲಲ್ಲಿ #VALUE! ಅಂತ ಎರರ್ ಬಂದಿದ್ದನ್ನ ನೀವು ಬಿಟ್ಟು ಲೆಕ್ಕ ಹಾಕಿದೀರಿ, ಅದರ ಮಾತು ಆಮೇಲೆ, ಬಿಟ್ಟುಹೋದ 12 ಜನದ್ದು ಮಾತ್ರ ನೆಟ್ಟಗಿದೆ, ಸರಾಸರಿ ಮೈನಸ್ 98 ಬರದೆ ಇನ್ನೇನು ಬರತ್ತೆ.

ಮಾಡ್ಬೇಕಾಗಿದ್ದು ಇಷ್ಟೇ, ಇನ್ನೂ ಇರೋರಿಗೆ ಲೆಕ್ಕ ನಿಲ್ಲಿಸೋ ದಿನ ಒಂದನ್ನ ಕೊಡಿ. ನಿಮ್ಮದು 2024ರ ರಿಪೋರ್ಟು, ಹಾಗಾಗಿ 31-12-2024. B ಕಾಲಮ್ ಜಾಯಿನಿಂಗ್ ಡೇಟು, C ಎಕ್ಸಿಟ್ ಡೇಟು, D ಕಾಲಮಲ್ಲಿ ಹೀಗೆ ಹಾಕಿ:

```
=(MIN(C2,DATE(2024,12,31))-B2+1)/365.25
```

MIN ಖಾಲಿ ಸೆಲ್ಲನ್ನ ಲೆಕ್ಕಕ್ಕೇ ತಗೊಳ್ಳಲ್ಲ, ಹಾಗಾಗಿ ಇರೋರಿಗೆ ಡಿಸೆಂಬರ್ 31 ತಾನಾಗೇ ಬಂದು ಕೂರತ್ತೆ, ರಾಜೀನಾಮೆ ಕೊಟ್ಟು ಜನವರಿಯ ಡೇಟ್ ಹಾಕಿಸ್ಕೊಂಡೋರಿಗೂ ಅದೇ ಆಗತ್ತೆ, ಯಾಕಂದ್ರೆ ಡಿಸೆಂಬರ್ 31ಕ್ಕೆ ಅವರು ಇನ್ನೂ ನಿಮ್ಮೋರೇ. +1 ಹಾಕಿರೋದು ಕೊನೇ ದಿನಾನೂ ಕೆಲಸ ಮಾಡಿದಾರೆ ಅಂತ. ಕೆಲವರು ಇಲ್ಲಿ TODAY() ಹಾಕ್ತಾರೆ, ಬೇಡ. ಇವತ್ತು ಒಂದು ಉತ್ತರ, ಮುಂದಿನ ವಾರ ಫೈಲ್ ತೆಗೆದ್ರೆ ಇನ್ನೊಂದು ಉತ್ತರ, ಆಮೇಲೆ ಮೀಟಿಂಗಲ್ಲಿ ನೀವೇ ಕೊಟ್ಟ ನಂಬರಿಗೆ ನೀವೇ ಉತ್ತರ ಹುಡುಕ್ತಾ ಕೂರ್ಬೇಕು.

ಈಗ ಅಟ್ರಿಶನ್. ನೀವು ಮೂರೂ ಜನ ಮೇಲ್ಗಡೆ 12 ಅಂತಾನೇ ಇಟ್ಕೊಂಡಿದೀರಿ, ಜಗಳ ಇರೋದು ಕೆಳಗಿನ ಸಂಖ್ಯೆಯಲ್ಲಿ. ವರ್ಷ ಶುರುವಾದಾಗ ಇದ್ದೋರು 42, ವರ್ಷದಲ್ಲಿ ಸೇರಿದೋರು 20, ಬಿಟ್ಟೋರು 12, ಕೊನೇಲಿ ಉಳಿದೋರು 50. ನಿಮ್ಮ 62 ಅನ್ನೋದು 42 ಮತ್ತೆ 20 ಕೂಡಿಸಿದ್ದು, ಅಷ್ಟು ಜನ ಆಫೀಸಲ್ಲಿ ಯಾವ ದಿನಾನೂ ಒಟ್ಟಿಗೆ ಇರ್ಲಿಲ್ಲ, ಹಾಗಾಗಿ ಅದನ್ನ ಬಿಟ್ಬಿಡಿ. ಮ್ಯಾನೇಜರ್ ವರ್ಷದ ಕೊನೇ ದಿನದ 50ರಿಂದ ಭಾಗಿಸಿದಾರೆ. ಫೈನಾನ್ಸ್‌ನೋರು 42 ಮತ್ತು 50ರ ಮಧ್ಯದ 46 ತಗೊಂಡು 26.1% ಅಂದಿದಾರೆ, ಜಾಸ್ತಿ ಜನ ಮಾಡೋದು ಇದನ್ನೇ, ಜನ ವರ್ಷವಿಡೀ ಒಂದೇ ಸಮನೆ ಸೇರ್ತಾ ಬಿಡ್ತಾ ಇದ್ರೆ ಇದು ಸಾಕು ಕೂಡ.

ಆದ್ರೆ ನಿಮ್ಮಲ್ಲಿ ಹಾಗಾಗಿಲ್ಲ! ಜಾಯಿನಿಂಗ್ ಡೇಟನ್ನ ಸಾರ್ಟ್ ಮಾಡಿ ನೋಡಿ, 20ರಲ್ಲಿ 12 ಜನ ಬಂದಿರೋದೇ ನವೆಂಬರ್ ಡಿಸೆಂಬರಲ್ಲಿ. ಅದಕ್ಕೆ ಮುಂಚೆ ತಿಂಗಳಿಗೊಬ್ಬರು ಹೋಗ್ತಾನೇ ಇದ್ರು, ಜುಲೈಯಿಂದ ಸೆಪ್ಟೆಂಬರ್ ತನಕ ಇದ್ದಿದ್ದೇ 39 ಜನ. ಅಂದ್ರೆ 46 ಅನ್ನೋ ಸರಾಸರಿ ವರ್ಷದಲ್ಲಿ ಹೆಚ್ಚೂಕಮ್ಮಿ ಯಾವ ತಿಂಗಳಿಗೂ ಒಪ್ಪಲ್ಲ, ಕೊನೇ ಗಳಿಗೇಲಿ ಬಂದ 12 ಜನ ಇಡೀ ವರ್ಷದ ಲೆಕ್ಕಾನ ಉಬ್ಬಿಸಿದಾರೆ. ಇಂಥ ಕಡೆ ಪ್ರತಿ ತಿಂಗಳ ಕೊನೇಲಿ ಎಷ್ಟು ಜನ ಇದ್ರು ಅಂತ ಎಣಿಸ್ಬೇಕು. E ಕಾಲಮಲ್ಲಿ 31-12-2023ರಿಂದ 31-12-2024ರ ತನಕ ತಿಂಗಳ ಕೊನೇ ದಿನಗಳು, ಒಟ್ಟು 13, ಪಕ್ಕದಲ್ಲಿ ಈ ಫಾರ್ಮುಲಾ:

```
=COUNTIFS($B$2:$B$63,"<="&E2,$C$2:$C$63,">"&E2)
 +COUNTIFS($B$2:$B$63,"<="&E2,$C$2:$C$63,"")
```

ಮೊದಲನೇ ಭಾಗ ಆ ದಿನಕ್ಕೆ ಸೇರಾಗಿತ್ತು, ಆದ್ರೆ ಆ ದಿನ ಕಳೆದ ಮೇಲೆ ಬಿಟ್ಟೋರನ್ನ ಎಣಿಸತ್ತೆ, ಎರಡನೇದು ಬಿಡದೇ ಇರೋರನ್ನ. ನಿಮ್ಮ ಶೀಟಲ್ಲಿ ಬರೋದು 42, 41, 41, 41, 40, 40, 40, 39, 39, 39, 40, 44, 50. ಸರಾಸರಿ 41.2. 12ನ್ನ ಇದರಿಂದ ಭಾಗಿಸಿದ್ರೆ 29.1%. ನಾನಾದ್ರೆ ಇದನ್ನೇ ಕೊಡ್ತೀನಿ, ಕೆಳಗೆ ‘ತಿಂಗಳ ಕೊನೆಯ ಸಂಖ್ಯೆಗಳ ಸರಾಸರಿಯಿಂದ’ ಅಂತ ಒಂದು ಸಾಲು ಬರೆದು. 2023ರದ್ದು 46ರ ಥರದ ಲೆಕ್ಕದಲ್ಲಿ ಇದ್ರೆ ಅದನ್ನೂ ಹೀಗೇ ತಿರುಗಿ ಮಾಡಿ ಪಕ್ಕ ಇಡಿ, ಇಲ್ಲಾಂದ್ರೆ ಲೆಕ್ಕದ ವಿಧಾನ ಬದಲಾಗಿದ್ದಕ್ಕೇ ಅಟ್ರಿಶನ್ ಏರಿದ ಹಾಗೆ ಕಾಣತ್ತೆ.

ಒಂದು ಮಾತು, ಈ ಫಾರ್ಮುಲಾ ಹಾಗೇ ಹಾಕಿದ್ರೆ ನಿಮಗೆ ಡಿಸೆಂಬರಿಗೆ 50ರ ಬದಲು 49 ತೋರಿಸತ್ತೆ, ನನಗೂ ಹಾಗೇ ಬಂತು. 42ಕ್ಕೆ 20 ಕೂಡಿಸಿ 12 ಕಳೆದ್ರೆ 50 ಬರ್ಬೇಕು, ಬರ್ಲಿಲ್ಲ ಅಂದ್ರೆ ಯಾರೋ ಒಬ್ಬರು ಕಳೆದುಹೋಗಿದಾರೆ ಅಂತ. ಹುಡುಕಿದ್ರೆ 17ನೇ ಸಾಲು, ಎಕ್ಸಿಟ್ ಡೇಟ್ ಜಾಗದಲ್ಲಿ ‘ನೋಟಿಸ್ ಪೀರಿಯಡ್’ ಅಂತ ಅಕ್ಷರದಲ್ಲಿ ಬರೆದಿದೆ! ಆ ಸೆಲ್ ಖಾಲೀನೂ ಅಲ್ಲ, ಡೇಟೂ ಅಲ್ಲ, ಹಾಗಾಗಿ ಎರಡೂ ಎಣಿಕೆಯಿಂದ ಜಾರಿಹೋಯ್ತು, ನಿಮ್ಮ ಮೊದಲಿನ ಕಳೆಯೋ ಲೆಕ್ಕದಲ್ಲಿ #VALUE! ಬಂದಿದ್ದೂ ಈ ಸಾಲಲ್ಲೇ. ಅದನ್ನ ಅಳಿಸಿ, ಇಲ್ಲಾ ಅವರ ಕೊನೇ ಕೆಲಸದ ದಿನ ಹಾಕಿ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ಇರೋರಿಗೆಲ್ಲ ಎಕ್ಸಿಟ್ ಕಾಲಮಲ್ಲಿ ಒಂದು ಗೆರೆ ಎಳೆದಿಟ್ಟಿದ್ರು, ಡಿಸೆಂಬರಿಗೆ ಇಡೀ ಆಫೀಸೇ ಖಾಲಿ ಅಂತ ಬಂದಿತ್ತು, ಅದಾದ್ರೂ ವಾಸಿ, ಕಣ್ಣಿಗೆ ಕಾಣತ್ತೆ. ಒಬ್ಬರು ತಪ್ಪಿಹೋದ್ರೆ ಗೊತ್ತೇ ಆಗಲ್ಲ. ಹಾಗೇ ದಿನ ಮತ್ತೆ ತಿಂಗಳು ಅದಲುಬದಲಾಗೋದನ್ನೂ ನೋಡ್ಕೊಳ್ಳಿ, ಕಂಪ್ಯೂಟರ್ ಸೆಟ್ಟಿಂಗ್ ತಿಂಗಳು ಮೊದಲು ಅಂತಿದ್ರೆ 05/11 ಅನ್ನೋದು ಮೇ 11 ಆಗಿ ಕೂರತ್ತೆ, 25/11 ಮಾತ್ರ ಡೇಟೇ ಆಗದೆ ಅಕ್ಷರವಾಗಿ ಸೆಲ್ಲಿನ ಎಡಗಡೆಗೆ ಅಂಟಿರತ್ತೆ. ಕಾಲಮಲ್ಲಿ ಕೆಲವು ಎಡಕ್ಕೆ ಕೆಲವು ಬಲಕ್ಕೆ ಕಂಡ್ರೆ, ಬಲಕ್ಕಿರೋದನ್ನೂ ನಂಬಬೇಡಿ.

ಆವರೇಜ್ ಸರ್ವಿಸ್‌ಗೆ ಬರೋಣ, ನಿಜವಾದ ಗೊಂದಲ ಇಲ್ಲಿರೋದು. D ಕಾಲಮ್ ಸರಿಯಾದ ಮೇಲೆ 62 ಜನದ ಸರಾಸರಿ 2.7 ವರ್ಷ ಬರತ್ತೆ, ಆದ್ರೆ ಅದನ್ನ ರಿಪೋರ್ಟಲ್ಲಿ ಹಾಕ್ಬೇಡಿ. ಮುಗಿದ ಸರ್ವಿಸು ಮತ್ತೆ ಇನ್ನೂ ನಡೀತಿರೋ ಸರ್ವಿಸು, ಎರಡನ್ನೂ ಒಂದೇ ಪಾತ್ರೆಗೆ ಸುರಿದ ಹಾಗೆ ಅದು. ಬೇರೆ ಬೇರೆ ಮಾಡಿದ್ರೆ ಇರೋ 50 ಜನದ ಸರಾಸರಿ 2.9 ವರ್ಷ, ಬಿಟ್ಟ 12 ಜನದ್ದು 1.9 ವರ್ಷ. ಎರಡೂ ಕೊಡಿ, ಆದ್ರೆ ಎರಡಕ್ಕೂ ಅದರದೇ ಕುಂಟು ಇದೆ.

2.9 ಯಾಕೆ ಅಷ್ಟು ಕಮ್ಮಿ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಆ ಹೊಸ 12 ಜನರನ್ನ ಪಕ್ಕಕ್ಕಿಟ್ಟು ಮಿಕ್ಕ 38 ಜನದ್ದು ತೆಗೆದ್ರೆ 3.8 ವರ್ಷ ಬರತ್ತೆ. ಅಂದ್ರೆ ಯಾರೂ ಬಿಡದೇ ಇದ್ರೂ ಜನರನ್ನ ತಗೊಂಡ್ರೆ ಸಾಕು, ಈ ಸರಾಸರಿ ಇಳಿಯತ್ತೆ. ಇದು ಜನ ಎಷ್ಟು ಕಾಲ ನಿಲ್ತಾರೆ ಅಂತ ಹೇಳಲ್ಲ, ಇವತ್ತು ಇರೋರು ಎಷ್ಟು ಹಳಬರು ಅಂತ ಹೇಳತ್ತೆ ಅಷ್ಟೇ.

ಬಿಟ್ಟೋರ 1.9 ವರ್ಷ ಇನ್ನೂ ಮಜಾ. 12 ಜನದ್ದು ತಿಂಗಳ ಲೆಕ್ಕದಲ್ಲಿ ಸಾಲಾಗಿ ಬರೆದ್ರೆ 2, 3, 3, 4, 14, 16, 18, 22, 26, 30, 45, 90. ಸರಾಸರಿ 22.75 ತಿಂಗಳು, ಆದ್ರೆ ಏಳೂವರೆ ವರ್ಷ ಇದ್ದು ಹೋದ ಒಬ್ಬರೇ ಅದನ್ನ ಮೇಲಕ್ಕೆ ಎಳೆದಿದಾರೆ, ಮಧ್ಯದ ಬೆಲೆ, ಅದೇ ಮೀಡಿಯನ್, 17 ತಿಂಗಳು. ಅದಕ್ಕಿಂತ ಮುಖ್ಯ, 4ರಿಂದ ಒಂದೇ ಸಲ 14ಕ್ಕೆ ಹಾರತ್ತೆ ನೋಡಿ, ಮಧ್ಯದಲ್ಲಿ ಯಾರೂ ಇಲ್ಲ. ಆ ಮೊದಲ ನಾಲ್ಕು ಜನ ಯಾರು ಅಂತ ನೋಡ್ದೆ, ನಾಲ್ಕೂ ಜನ 2024ರಲ್ಲೇ ಸೇರಿ 2024ರಲ್ಲೇ ಹೋದೋರು. ಫೆಬ್ರವರಿಯಿಂದ ಅಕ್ಟೋಬರ್ ತನಕ ನಿಮ್ಮಲ್ಲಿ ಸೇರಿದ್ದು ಬರೀ 8 ಜನ, ಅದರಲ್ಲಿ 4 ಜನ ಡಿಸೆಂಬರ್ ಒಳಗೇ ಹೊರಗೆ! ಜನವರಿಗೆ ಇದ್ದ ಹಳಬರು 42ರಲ್ಲಿ ಹೋಗಿದ್ದು 8. ಒಂದು ಕಡೆ ಅರ್ಧಕ್ಕರ್ಧ, ಇನ್ನೊಂದು ಕಡೆ ಐದರಲ್ಲಿ ಒಬ್ಬರು. 8 ಜನ ಅಂದ್ರೆ ಸಣ್ಣ ಗುಂಪು, ಒಬ್ಬರು ಆಕಡೆ ಈಕಡೆ ಆದ್ರೂ ಪರ್ಸೆಂಟ್ ಕುಣಿಯತ್ತೆ, ಹಾಗಾಗಿ 50% ಅಂತ ಬರೀಬೇಡಿ, ‘8ರಲ್ಲಿ 4’ ಅಂತಾನೇ ಬರೀರಿ. ನವೆಂಬರ್ ಡಿಸೆಂಬರಲ್ಲಿ ಬಂದ 12 ಜನ ಡಿಸೆಂಬರ್ 31ಕ್ಕೆ ಅದೇ ಮೊದಲ ನಾಲ್ಕು ತಿಂಗಳ ಒಳಗೆ ಇದ್ರು ಅನ್ನೋದನ್ನೂ ಅದರ ಕೆಳಗೇ ಸೇರಿಸಿ, ಮ್ಯಾನೇಜರ್ 24ಕ್ಕೂ 29ಕ್ಕೂ ಜಗಳ ಬಿಟ್ಟು ಆ ಸಾಲನ್ನ ಓದ್ತಾರೆ.

‘ಹಾಗಾದ್ರೆ ಸೇರಿದೋರು ಸಾಮಾನ್ಯವಾಗಿ ಎಷ್ಟು ವರ್ಷ ಇರ್ತಾರೆ’ ಅಂತ ಮುಂದಿನ ಪ್ರಶ್ನೆ ಬಂದ್ರೆ ಈ ಶೀಟ್ ಇಟ್ಕೊಂಡು ಉತ್ತರ ಕೊಡ್ಬೇಡಿ. ಇದರಲ್ಲಿ 2024ಕ್ಕೆ ಮುಂಚೆ ಬಿಟ್ಟೋರು ಒಬ್ಬರೂ ಇಲ್ಲ, ಯಾರೋ ವರ್ಷ ವರ್ಷ ಹಳೇ ಸಾಲುಗಳನ್ನ ಅಳಿಸ್ಕೊಂಡು ಬಂದಿದಾರೆ. 2021ರಲ್ಲಿ ಸೇರಿದೋರು ಅಂತ ಇದರಲ್ಲಿ ಕಾಣೋರೆಲ್ಲ 2024ರ ತನಕ ನಿಂತೋರೇ, ಮೂರೇ ತಿಂಗಳಿಗೆ ಓಡಿಹೋದೋರ ಗುರುತೇ ಇಲ್ಲ, ಲೆಕ್ಕ ಹಾಕಿದ್ರೆ ಆ ಬ್ಯಾಚಲ್ಲಿ ಎಲ್ಲರೂ ಎರಡು ವರ್ಷ ದಾಟಿದ ಹಾಗೇ ಬರತ್ತೆ. ಸಂಬಳದ ಹಳೇ ರಿಜಿಸ್ಟರಿಂದ ಅವರ ಎರಡೂ ಡೇಟ್ ತೆಗೆಸಿ ಕೆಳಗೆ ಸೇರಿಸಿ, ಆಮೇಲೆ ಪ್ರತಿ ವರ್ಷ ಸೇರಿದೋರಲ್ಲಿ ಎಷ್ಟು ಜನ 12 ತಿಂಗಳು ದಾಟಿದ್ರು ಅಂತ ಎಣಿಸಿ. 2024ರಲ್ಲಿ ಸೇರಿದೋರನ್ನ ಈ ರಿಪೋರ್ಟಿನ ಎಣಿಕೆಗೆ ಹಾಕ್ಬೇಡಿ, 31-12-2024ಕ್ಕೆ ಅವರ 12 ತಿಂಗಳು ಇನ್ನೂ ದಾಟಿರ್ಲಿಲ್ಲ. ಮೇಲಿನ ಫಾರ್ಮುಲಾಗಳಲ್ಲಿ 63 ಅಂತಿರೋ ಕಡೆಯೆಲ್ಲ ಹೊಸ ಕೊನೇ ಸಾಲಿನ ನಂಬರ್ ಹಾಕೋದು ಮರೀಬೇಡಿ.